ಬಡ್ಡಿ ಇಳಿಯಿತು, ಇಎಂಐ ಯಾಕೆ ಇಳಿಯಲಿಲ್ಲ? ಗೃಹಸಾಲದ ಸ್ಟೇಟ್‌ಮೆಂಟ್ ಹಿಡಿದು ಒಂದು ಲೆಕ್ಕ

ನಮ್ಮ ಮಹಡಿ ಮೇಲಿನ ಮನೆಯಲ್ಲಿ ಒಬ್ಬ ಹೈಸ್ಕೂಲ್ ಮೇಷ್ಟ್ರು ಇದ್ದಾರೆ. 2025ರ ಜುಲೈನಲ್ಲಿ ಒಂದು ಸಂಜೆ ಗೃಹಸಾಲದ ಸ್ಟೇಟ್‌ಮೆಂಟ್ ಪ್ರಿಂಟ್ ಹಿಡಿದುಕೊಂಡು ಕೆಳಗೆ ಬಂದರು. "ರೆಪೊ ಅರ್ಧ ಪರ್ಸೆಂಟ್ ಇಳೀತು ಅಂತ ಪೇಪರ್‌ನಲ್ಲೆಲ್ಲ ಬಂತು, ನಂದು ಒಂದು ರೂಪಾಯಿನೂ ಇಳಿದಿಲ್ಲ ನೋಡಿ. ಇವರು ಮೋಸ ಮಾಡ್ತಿದ್ದಾರಾ?"

ಮೋಸ ಆಗಿರಲಿಲ್ಲ. ದರ ಇಳಿದಿತ್ತು, ಅದರ ಲಾಭವೂ ಅವರಿಗೆ ಸಿಕ್ಕಿತ್ತು. ಆದರೆ ಆ ಲಾಭ ಇಎಂಐ ಸಾಲಿನಲ್ಲಿ ಇರಲಿಲ್ಲ, ಬೇರೆ ಸಾಲಿನಲ್ಲಿತ್ತು. ಅದನ್ನು ಹುಡುಕಿ, ಬ್ಯಾಂಕ್ ಹಾಕಿದ ಅಂಕಿ ಸರಿಯೋ ತಪ್ಪೋ ಅಂತ ತಾಳೆ ನೋಡುವುದಕ್ಕೆ ನಮಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು. ಅವತ್ತು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಅವರ ಖಾಸಗಿ ಅಂಕಿ ಬೇಡ ಅಂತ ಮೊತ್ತಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ, ಅಷ್ಟೇ.

## ಮೊದಲು ನಾಲ್ಕು ಅಂಕಿ ಹುಡುಕಿ

ಸ್ಟೇಟ್‌ಮೆಂಟ್‌ನಲ್ಲಿ ಹತ್ತಾರು ಸಾಲು ಇರುತ್ತವೆ, ನಮಗೆ ಬೇಕಾಗಿರುವುದು ನಾಲ್ಕೇ. ಬಾಕಿ ಅಸಲು, ಅಂದರೆ ಇವತ್ತಿಗೆ ಉಳಿದಿರುವ ಸಾಲ. ಈಗಿನ ಬಡ್ಡಿ ದರ. ಇಎಂಐ. ಇನ್ನೆಷ್ಟು ಕಂತು ಬಾಕಿ ಇದೆ ಅನ್ನುವುದು. ಬಾಕಿ ಅಸಲಿನ ಎದುರು Outstanding Principal ಅಂತಲೋ Principal Balance ಅಂತಲೋ ಇರುತ್ತದೆ, ದರದ ಎದುರು ROI ಅಂತ ಇರುತ್ತದೆ. ಹೆಸರು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ವಿಷಯ ಒಂದೇ.

ನಾಲ್ಕನೆಯದರಲ್ಲಿ ಮಾತ್ರ ಸ್ವಲ್ಪ ಹುಷಾರು. ಕೆಲವು ಸ್ಟೇಟ್‌ಮೆಂಟ್‌ಗಳ ತಲೆಯಲ್ಲಿ ಸಾಲ ತೆಗೆದ ದಿನದ ಒಟ್ಟು ಅವಧಿ, ಉದಾಹರಣೆಗೆ 240 ತಿಂಗಳು, ಅಂತ ಅಚ್ಚಾಗಿರುತ್ತದೆ. ಏನೇ ಆದರೂ ಅದು ಬದಲಾಗುವುದಿಲ್ಲ. ನಮಗೆ ಬೇಕಾಗಿರುವುದು ಉಳಿದಿರುವ ಕಂತುಗಳ ಲೆಕ್ಕ. ಮೇಷ್ಟ್ರೂ ಮೊದಲು ತಲೆಯಲ್ಲಿದ್ದ 240 ನೋಡಿಯೇ "ಅವಧಿನೂ ಇಳಿದಿಲ್ಲ" ಅಂತ ಸಿಟ್ಟಾಗಿದ್ದು.

ಈ ಅಂಕಿಗಳು ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಕಾಣದಿದ್ದರೆ ಕೇಳಿ ಪಡೆಯಬಹುದು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಒಂದು ಸುತ್ತೋಲೆ ಹೊರಡಿಸಿತು. ಪ್ರತಿ ಮೂರು ತಿಂಗಳ ಕೊನೆಗೆ ಸಾಲಗಾರರಿಗೆ ಒಂದು ಸ್ಟೇಟ್‌ಮೆಂಟ್ ಸಿಗಬೇಕು, ಅದರಲ್ಲಿ ಇದುವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಇಎಂಐ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ಬಡ್ಡಿ ದರ ಇಷ್ಟಾದರೂ ಇರಬೇಕು ಅಂತ ಅದು ಹೇಳುತ್ತದೆ.

ಮೇಷ್ಟ್ರ ಅಂಕಿಗಳು ಹೀಗಿದ್ದವು. ಜೂನ್ 1ರ ಕಂತು ಕಟ್ಟಿದ ಮೇಲೆ ಬಾಕಿ ಅಸಲು 25,00,000 ರೂಪಾಯಿ. ಆಗಿನ ದರ 8.75. ಇಎಂಐ 24,986. ಉಳಿದದ್ದು 180 ಕಂತು, ಅಂದರೆ ಹದಿನೈದು ವರ್ಷ.

## ಈ ದರ ಎಲ್ಲಿಂದ ಬರುತ್ತದೆ

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳ ದರವನ್ನು ಹೊರಗಿನ ಒಂದು ಅಳತೆಗೋಲಿಗೆ ಕಟ್ಟಲೇಬೇಕು. ಬಹಳ ಕಡೆ ಆ ಅಳತೆಗೋಲು ರೆಪೊ ದರ. ರೆಪೊ ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಲ್ಪಾವಧಿಗೆ ದುಡ್ಡು ಕೊಡುವಾಗ ಹಾಕುವ ಬಡ್ಡಿ. ಅದರ ಮೇಲೆ ಬ್ಯಾಂಕ್ ತನ್ನದೊಂದು ಪಾಲು ಸೇರಿಸುತ್ತದೆ, ಅದಕ್ಕೆ ಸ್ಪ್ರೆಡ್ ಅನ್ನುತ್ತಾರೆ. ಸಗಟು ಮಾರುಕಟ್ಟೆಯ ತರಕಾರಿ ಬೆಲೆ ದಿನವೂ ಏರಿಳಿಯುತ್ತದೆ, ಗಾಡಿಯವನು ಅದರ ಮೇಲೆ ಕೆಜಿಗೆ ಇಷ್ಟು ಅಂತ ತನ್ನ ಪಾಲು ಇಟ್ಟುಕೊಳ್ಳುತ್ತಾನಲ್ಲ, ಹಾಗೇ ಇದು. ಮೇಷ್ಟ್ರ ಸ್ಪ್ರೆಡ್ 2.75. ರೆಪೊ 6 ಇದ್ದಾಗ ಒಟ್ಟು 8.75 ಆಗಿತ್ತು.

2025ರಲ್ಲಿ ರೆಪೊ ನಾಲ್ಕು ಸಲ ಇಳಿಯಿತು. ಫೆಬ್ರವರಿಯಲ್ಲಿ 6.5ರಿಂದ 6.25ಕ್ಕೆ, ಏಪ್ರಿಲ್‌ನಲ್ಲಿ 6ಕ್ಕೆ, ಜೂನ್ 6ರಂದು ಒಮ್ಮೆಲೇ 5.5ಕ್ಕೆ, ಡಿಸೆಂಬರ್‌ನಲ್ಲಿ 5.25ಕ್ಕೆ. ನಾವು ಲೆಕ್ಕ ಹಾಕಿದ್ದು ಜೂನ್‌ನ ಇಳಿಕೆಯನ್ನು. ಆಗ ಮೇಷ್ಟ್ರ ದರ 8.25ಕ್ಕೆ ಬರಬೇಕು.

ಆದರೆ ರಿಸರ್ವ್ ಬ್ಯಾಂಕ್ ಘೋಷಿಸಿದ ದಿನವೇ ನಿಮ್ಮ ಸಾಲದ ದರ ಬದಲಾಗಬೇಕು ಅಂತೇನಿಲ್ಲ. ಪ್ರತಿ ಸಾಲಕ್ಕೂ ಒಂದು ರೀಸೆಟ್ ದಿನಾಂಕ ಇರುತ್ತದೆ. ರೆಪೊಗೆ ಕಟ್ಟಿದ ಸಾಲಗಳಲ್ಲಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಅದು ಬರಲೇಬೇಕು. ಹಾಗಾಗಿ ಜೂನ್ 6ರ ಇಳಿಕೆ ಒಬ್ಬರಿಗೆ ಅದೇ ತಿಂಗಳು ಕಂಡರೆ ಇನ್ನೊಬ್ಬರಿಗೆ ಸೆಪ್ಟೆಂಬರ್ 1ಕ್ಕೆ ಕಾಣಬಹುದು, ಇಬ್ಬರದೂ ನಿಯಮದ ಪ್ರಕಾರವೇ. ಮೇಷ್ಟ್ರ ಸಾಲದಲ್ಲಿ ಹೊಸ ದರ ಜೂನ್ 15ರಿಂದ ಜಾರಿಗೆ ಬಂದಿತ್ತು.

## ಒರತೆ ಬಾವಿಯ ಲೆಕ್ಕ

ದರ ಬದಲಾದರೆ ಇಎಂಐಗೋ ಅವಧಿಗೋ ಏನಾಗುತ್ತದೆ ಅಂತ ತಿಳಿಯಬೇಕಾದರೆ ಇಎಂಐ ಒಳಗೆ ಏನಿದೆ ಅಂತ ಒಮ್ಮೆ ನೋಡಬೇಕು.

ಬಾವಿಯ ಹೂಳು ತೆಗೆಸಿದ್ದನ್ನು ನೋಡಿದ್ದೀರಾ? ಮೊದಲು ಮೋಟಾರ್ ಇಟ್ಟು ನೀರು ಖಾಲಿ ಮಾಡುತ್ತಾರೆ. ಆದರೆ ಮೋಟಾರ್ ಎತ್ತುತ್ತಿರುವಾಗಲೇ ತಳದಿಂದ ಒರತೆ ನೀರು ಬರುತ್ತಲೇ ಇರುತ್ತದೆ. ಮೋಟಾರ್ ಎತ್ತಿದ್ದರಲ್ಲಿ ಒರತೆಯ ನೀರು ಕಳೆದು ಉಳಿದದ್ದಷ್ಟೇ ಬಾವಿಯ ಮಟ್ಟ ಇಳಿಸುವುದು. ಬಾಕಿ ಅಸಲು ಅಂದರೆ ಬಾವಿಯ ನೀರು, ಬಡ್ಡಿ ಅಂದರೆ ಒರತೆ, ಇಎಂಐ ಅಂದರೆ ಮೋಟಾರ್. ಇನ್ನೊಂದು ವಿಷಯ ಏನೆಂದರೆ, ಈ ಬಾವಿಯಲ್ಲಿ ನೀರು ಕಡಿಮೆಯಾದ ಹಾಗೆ ಒರತೆಯೂ ಕಡಿಮೆಯಾಗುತ್ತದೆ, ಯಾಕೆಂದರೆ ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ ಮಾತ್ರ.

ಮೇಷ್ಟ್ರ ಅಂಕಿ ಹಾಕಿ ನೋಡೋಣ. 25 ಲಕ್ಷಕ್ಕೆ 8.75ರ ದರದಲ್ಲಿ ಒಂದು ತಿಂಗಳ ಬಡ್ಡಿ ಬೇಕಾದರೆ ಬಾಕಿಯನ್ನು ದರದಿಂದ ಗುಣಿಸಿ 1200ರಿಂದ ಭಾಗಿಸಿದರೆ ಆಯಿತು. 18,229 ರೂಪಾಯಿ ಬರುತ್ತದೆ. ಇಎಂಐ 24,986. ಅಂದರೆ ಅಸಲಿಗೆ ಹೋಗುವುದು 6,757 ಮಾತ್ರ. ಕಟ್ಟಿದ ದುಡ್ಡಿನಲ್ಲಿ ಮುಕ್ಕಾಲು ಪಾಲು ಹತ್ತಿರ ಒರತೆಗೇ ಹೋಯಿತು.

ದರ 8.25 ಆದರೆ ತಿಂಗಳ ಬಡ್ಡಿ 17,188. ಮೋಟಾರ್ ಅಷ್ಟೇ ಇದ್ದರೆ, ಅಂದರೆ ಅದೇ 24,986 ಕಟ್ಟುತ್ತಿದ್ದರೆ, ಅಸಲಿಗೆ 7,798 ಹೋಗುತ್ತದೆ. ಅರ್ಧ ಪರ್ಸೆಂಟ್ ಅಂದರೆ ಸಣ್ಣದು ಅನ್ನಿಸುತ್ತದೆ, ಆದರೆ ಅಸಲು ತೀರುವ ವೇಗ ತಿಂಗಳಿಗೆ ಸಾವಿರ ರೂಪಾಯಿಗೂ ಮೇಲೆ ಹೆಚ್ಚಾಯಿತು. ಹೆಚ್ಚು ಕಡಿಮೆ ಶೇಕಡಾ 15ರಷ್ಟು.

ಈಗ ಬ್ಯಾಂಕಿನ ಮುಂದೆ ಎರಡು ದಾರಿ. ಮೋಟಾರ್ ಹಾಗೇ ಓಡಲಿ, ಬಾವಿ ಬೇಗ ಖಾಲಿಯಾಗಲಿ ಅನ್ನಬಹುದು. ಇಲ್ಲ, ಮೊದಲು ಹೇಳಿದ ದಿನಕ್ಕೇ ಖಾಲಿಯಾಗಲಿ, ಮೋಟಾರ್ ಸ್ವಲ್ಪ ನಿಧಾನ ಮಾಡೋಣ ಅನ್ನಬಹುದು. ಮೊದಲನೆಯದರಲ್ಲಿ ಅವಧಿ ಇಳಿಯುತ್ತದೆ, ಎರಡನೆಯದರಲ್ಲಿ ಇಎಂಐ ಇಳಿಯುತ್ತದೆ. ನೀವಾಗಿ ಏನೂ ಹೇಳದಿದ್ದರೆ ಬಹಳ ಕಡೆ ಇಎಂಐ ಮುಟ್ಟದೆ ಅವಧಿಯನ್ನೇ ಇಳಿಸುತ್ತಾರೆ. ಮೇಷ್ಟ್ರಿಗೆ ಆಗಿದ್ದೂ ಅದೇ.

## ಎರಡೂ ದಾರಿಯ ಲೆಕ್ಕ, ಎರಡೇ ಸಾಲಿನಲ್ಲಿ

ಕೈಯಲ್ಲಿ ಇದನ್ನು ಬಿಡಿಸುವುದು ಸ್ವಲ್ಪ ಕಷ್ಟ. ಎಕ್ಸೆಲ್ ಇರಲಿ, ಗೂಗಲ್ ಶೀಟ್ಸ್ ಇರಲಿ, ಫೋನಿನಲ್ಲೇ ಆಗುತ್ತದೆ. ಅವಧಿ ಅಷ್ಟೇ ಇಟ್ಟುಕೊಂಡು ಹೊಸ ಇಎಂಐ ಎಷ್ಟು ಅಂತ ಬೇಕಾದರೆ ಹೀಗೆ ಬರೆಯಿರಿ:

```
=PMT(8.25%/12, 180, -2500000)
```

ಒಳಗಿರುವುದು ಕ್ರಮವಾಗಿ ಹೊಸ ದರ, ಉಳಿದ ಕಂತುಗಳು, ಬಾಕಿ ಅಸಲು. ದರವನ್ನು 12ರಿಂದ ಭಾಗಿಸುವುದು ತಿಂಗಳ ಲೆಕ್ಕಕ್ಕೆ. ಸಾಲದ ಹಿಂದೆ ಇರುವ ಕಳೆಯುವ ಗುರುತು ಬಿಟ್ಟರೆ ಉತ್ತರ ಕಳೆಯುವ ಗುರುತಿನ ಜೊತೆ ಬರುತ್ತದೆ, ಬೇರೇನೂ ಆಗುವುದಿಲ್ಲ. ಉತ್ತರ 24,253.5, ಅಂದರೆ 24,254 ಅನ್ನಿ. ತಿಂಗಳಿಗೆ 732 ರೂಪಾಯಿ ಕಡಿಮೆ.

ಇಎಂಐ ಅಷ್ಟೇ ಇಟ್ಟುಕೊಂಡು ಇನ್ನೆಷ್ಟು ಕಂತು ಅಂತ ಬೇಕಾದರೆ:

```
=NPER(8.25%/12, -24986, 2500000)
```

ಇಲ್ಲಿ ಮಾತ್ರ ಇಎಂಐಗೆ ಕಳೆಯುವ ಗುರುತು ಬೇಕೇ ಬೇಕು, ಮರೆತರೆ ಉತ್ತರ ಅಡ್ಡಾದಿಡ್ಡಿ ಬರುತ್ತದೆ. ಸರಿಯಾಗಿ ಹಾಕಿದರೆ 169.95. ಅಂದರೆ 170 ಕಂತು, ಕೊನೆಯದು ಸ್ವಲ್ಪ ಚಿಕ್ಕದು. 180 ಇದ್ದದ್ದು 170 ಆಯಿತು. ಹತ್ತು ತಿಂಗಳು ಮೊದಲೇ ಸಾಲ ತೀರುತ್ತದೆ.

ಮೇಷ್ಟ್ರ ಸ್ಟೇಟ್‌ಮೆಂಟ್‌ನ ಎರಡನೇ ಪುಟದಲ್ಲಿ, ಯಾರೂ ನೋಡದ ಮೂಲೆಯಲ್ಲಿ, ಉಳಿದ ಕಂತುಗಳ ಎದುರು ಆ ಇಳಿಕೆ ತಣ್ಣಗೆ ಕೂತಿತ್ತು. ಜುಲೈ 1ರ ಕಂತು ಹೋದ ಮೇಲಿನ ಪ್ರಿಂಟ್ ಆದ್ದರಿಂದ ಅಲ್ಲಿ ಇದ್ದದ್ದು 169.

ಈಗ ದುಡ್ಡಿನ ಲೆಕ್ಕದಲ್ಲಿ ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ದರ ಇಳಿಯದೇ ಇದ್ದಿದ್ದರೆ 180 ತಿಂಗಳಲ್ಲಿ ಮೇಷ್ಟ್ರು ಒಟ್ಟು ಕಟ್ಟಬೇಕಿದ್ದದ್ದು ಸುಮಾರು 44 ಲಕ್ಷ 97 ಸಾವಿರ. ಇಎಂಐ ಇಳಿಸಿಕೊಂಡರೆ ಅದು 43 ಲಕ್ಷ 66 ಸಾವಿರಕ್ಕೆ ಬರುತ್ತದೆ, ಉಳಿತಾಯ 1 ಲಕ್ಷ 32 ಸಾವಿರ. ಅವಧಿ ಇಳಿಸಿಕೊಂಡರೆ 42 ಲಕ್ಷ 46 ಸಾವಿರ, ಉಳಿತಾಯ 2 ಲಕ್ಷ 51 ಸಾವಿರ. ದರ ಒಂದೇ, ಇಳಿಕೆ ಒಂದೇ, ಉಳಿತಾಯ ಮಾತ್ರ ಸುಮಾರು ಎರಡು ಪಟ್ಟು.

ಇದನ್ನು ನೋಡಿ ಅವಧಿ ಇಳಿಸುವುದೇ ಸರಿ ಅಂತ ಹಾರಿಬೀಳಬೇಡಿ. ಆ ಹೆಚ್ಚಿನ ಉಳಿತಾಯ ಬ್ಯಾಂಕ್ ಕೊಟ್ಟ ಉಡುಗೊರೆ ಅಲ್ಲ. ಪ್ರತಿ ತಿಂಗಳು 732 ರೂಪಾಯಿ ಜಾಸ್ತಿ ಕಟ್ಟುತ್ತೀರಲ್ಲ, ಅದು ನೇರ ಅಸಲಿಗೆ ಹೋಗಿ ಮುಂದಿನ ಬಡ್ಡಿಯನ್ನು ತಪ್ಪಿಸುತ್ತದೆ, ಅದರ ಫಲ ಅದು. ಮಗಳ ಕಾಲೇಜ್ ಫೀಸಿಗೆ ಪರದಾಡುತ್ತಿರುವವರಿಗೆ ತಿಂಗಳ 732 ಇವತ್ತೇ ಕೈಯಲ್ಲಿರುವುದು ದೊಡ್ಡದು ಅನ್ನಿಸಬಹುದು. ಅದು ಅವರವರ ಮನೆಯ ಲೆಕ್ಕ. ಮೇಷ್ಟ್ರಂತೂ "ರಿಟೈರ್ ಆಗೋದರ ಒಳಗೆ ಮುಗೀಲಿ ಸಾಕು" ಅಂತ ಅವಧಿಯನ್ನೇ ಇಟ್ಟುಕೊಂಡರು.

## ಬಡ್ಡಿ ಸಾಲು ಯಾಕೆ ಪ್ರತಿ ತಿಂಗಳು ಬೇರೆ ಬೇರೆ

ಇಷ್ಟಾದ ಮೇಲೆ ಮೇಷ್ಟ್ರು ಇನ್ನೊಂದು ಸಾಲಿಗೆ ಬೆರಳಿಟ್ಟರು. "ನೀವು 18,229 ಅಂದ್ರಿ, 17,188 ಅಂದ್ರಿ. ಇಲ್ಲಿ ಜೂನ್ ಬಡ್ಡಿ 17,431.51 ಅಂತ ಇದೆಯಲ್ಲ, ಇದು ಯಾವುದೂ ಅಲ್ಲವಲ್ಲ?"

ಒಳ್ಳೆಯ ಪ್ರಶ್ನೆ. ಬ್ಯಾಂಕ್ ನಿಜವಾಗಿ ದರ ಬದಲಿಸಿದೆಯೋ ಇಲ್ಲವೋ ಅಂತ ಪಕ್ಕಾ ಹೇಳುವುದು ಈ ಸಾಲೇ. 1200ರಿಂದ ಭಾಗಿಸುವ ಲೆಕ್ಕ ಎಲ್ಲ ತಿಂಗಳೂ ಒಂದೇ ಉದ್ದ ಅಂತ ಇಟ್ಟುಕೊಂಡಿರುತ್ತದೆ. ಮೇಷ್ಟ್ರ ಬ್ಯಾಂಕಿನ ಹಾಗೆ ದಿನದ ಬಾಕಿಯ ಮೇಲೆ ಬಡ್ಡಿ ಹಾಕುವ ಕಡೆ ವರ್ಷದ ಬಡ್ಡಿಯನ್ನು 365ರಿಂದ ಭಾಗಿಸಿ ದಿನಕ್ಕಿಷ್ಟು ಅಂತ ಕೂಡಿಸುತ್ತಾರೆ. 25 ಲಕ್ಷಕ್ಕೆ 8.75ರಲ್ಲಿ ದಿನಕ್ಕೆ 599.32 ರೂಪಾಯಿ ಆಗುತ್ತದೆ. 30 ದಿನದ ತಿಂಗಳಿಗೆ 17,979, 31 ದಿನದ ತಿಂಗಳಿಗೆ 18,579. ದರ ಬದಲಾಗದೇ ಇದ್ದರೂ ಬಡ್ಡಿ ಸಾಲು ಆರುನೂರು ರೂಪಾಯಿ ಮೇಲೆ ಕೆಳಗೆ ಆಡುವುದು ಇದಕ್ಕೇ. ಫೆಬ್ರವರಿಯಲ್ಲಿ ಅದು ಇದ್ದಕ್ಕಿದ್ದಂತೆ ಇಳಿದರೆ ದರ ಇಳಿಯಿತು ಅಂದುಕೊಳ್ಳಬೇಡಿ.

ಜೂನ್‌ನಲ್ಲಿ ಆಗಿದ್ದು ಇನ್ನೂ ಸ್ವಲ್ಪ ಬೇರೆ. 1ರಿಂದ 14ರ ತನಕ 14 ದಿನ ಹಳೇ ದರ, ದಿನಕ್ಕೆ 599.32ರಂತೆ 8,390.41. ಜೂನ್ 15ರಿಂದ 30ರ ತನಕ 16 ದಿನ ಹೊಸ ದರ, 8.25ರಲ್ಲಿ ದಿನಕ್ಕೆ 565.07ರಂತೆ 9,041.10. ಎರಡೂ ಕೂಡಿದರೆ 17,431.51. ಪೈಸೆಗೆ ಪೈಸೆ ಸರಿ ಹೋಯಿತು. ಕ್ಯಾಲ್ಕ್ಯುಲೇಟರ್ ಕೆಳಗಿಟ್ಟು ಮೇಷ್ಟ್ರು ನಕ್ಕಿದ್ದು ಅವತ್ತು ಮೊದಲನೇ ಸಲ.

ನಿಮ್ಮದರಲ್ಲಿ ಪೈಸೆ ಲೆಕ್ಕ ಕೂಡದಿದ್ದರೆ ಗಾಬರಿ ಬೇಡ. ಇವರ ಕಂತು ತಿಂಗಳ 1ಕ್ಕೆ ಇದ್ದದ್ದರಿಂದ ಇಡೀ ಜೂನ್ ಬಾಕಿ ಒಂದೇ ಇತ್ತು. ನಿಮ್ಮ ಕಂತು 5ಕ್ಕೋ 10ಕ್ಕೋ ಹೋಗುತ್ತಿದ್ದರೆ ಆ ದಿನಕ್ಕೆ ಮುಂಚೆ ಒಂದು ಬಾಕಿ, ಆಮೇಲೆ ಇನ್ನೊಂದು ಬಾಕಿ, ಹಾಗೆ ತುಂಡು ಮಾಡಿ ಕೂಡಬೇಕು. ಕೆಲವು ಸಂಸ್ಥೆಗಳು ತಿಂಗಳ ಲೆಕ್ಕವನ್ನೇ ಇಟ್ಟುಕೊಂಡಿರುತ್ತವೆ, ಅಲ್ಲಿ 1200ರ ಲೆಕ್ಕ ನೇರ ಕೂಡುತ್ತದೆ.

## ದರ ಏರಿದಾಗ ಇದೇ ಲೆಕ್ಕ ಹೆದರಿಸುತ್ತದೆ

ಇಳಿಕೆಯ ಕಥೆ ಸುಲಭ. ಏರಿಕೆಯಲ್ಲಿ ಇದೇ ಲೆಕ್ಕ ಬೇರೆ ಮುಖ ತೋರಿಸುತ್ತದೆ, ಅದನ್ನು 2022ರಲ್ಲಿ ಬಹಳ ಜನ ನೋಡಿದರು. ಆ ವರ್ಷದ ಮೇ ತಿಂಗಳಿಂದ ರೆಪೊ ಏರುತ್ತಾ ಹೋಗಿ 4ರಿಂದ 2023ರ ಫೆಬ್ರವರಿ ಹೊತ್ತಿಗೆ 6.5 ಮುಟ್ಟಿತು. ಒಂದು ವರ್ಷದೊಳಗೆ ಎರಡೂವರೆ ಪರ್ಸೆಂಟ್.

ಒಬ್ಬರು ರೆಪೊ 4 ಇದ್ದಾಗ 30 ಲಕ್ಷ ಸಾಲವನ್ನು 20 ವರ್ಷಕ್ಕೆ 6.75ರ ದರದಲ್ಲಿ ತೆಗೆದಿದ್ದಾರೆ ಅಂದುಕೊಳ್ಳಿ. ಇಎಂಐ 22,811. ಹದಿನಾರು ಕಂತು ಕಟ್ಟಿದ ಮೇಲೆ ಬಾಕಿ ಹೆಚ್ಚು ಕಡಿಮೆ 29 ಲಕ್ಷ, ಉಳಿದದ್ದು 224 ಕಂತು. ನಿಜದಲ್ಲಿ ದರ ಮೆಟ್ಟಿಲು ಮೆಟ್ಟಿಲಾಗಿ ಏರಿತು, ಲೆಕ್ಕ ಸುಲಭವಾಗಲಿ ಅಂತ ಒಂದೇ ಸಲಕ್ಕೆ 9.25 ಆಯಿತು ಅನ್ನೋಣ.

29 ಲಕ್ಷಕ್ಕೆ 9.25ರಲ್ಲಿ ತಿಂಗಳ ಬಡ್ಡಿ 22,354. ಇಎಂಐ 22,811. ಅಸಲಿಗೆ ಉಳಿದದ್ದು 457 ರೂಪಾಯಿ! ಒರತೆ ಮೋಟಾರಿನ ಸಮಕ್ಕೆ ಬಂದುಬಿಟ್ಟಿದೆ. ಇಎಂಐ ಮುಟ್ಟದೆ ಅವಧಿ ಮಾತ್ರ ಹಿಗ್ಗಿಸಿದರೆ ಎಷ್ಟು ಕಂತು ಅಂತ NPER ಹಾಕಿ ನೋಡಿ, 509 ದಾಟುತ್ತದೆ. ಹದಿನೆಂಟೂವರೆ ವರ್ಷ ಚಿಲ್ಲರೆ ಬಾಕಿ ಇದ್ದದ್ದು ನಲವತ್ತೆರಡು ವರ್ಷದ ಮೇಲಾಯಿತು. ಇನ್ನೊಂದು ಕಾಲು ಪರ್ಸೆಂಟ್ ಏರಿ 9.5 ಆದರೆ ತಿಂಗಳ ಬಡ್ಡಿಯೇ 22,958. ಇಎಂಐ ಅಷ್ಟೂ ಬಡ್ಡಿಗೆ ಹೋಗಿ, ಇನ್ನೂ 147 ರೂಪಾಯಿ ಸಾಲದು. ಅದು ಸಾಲಕ್ಕೇ ಸೇರಿ ತಿಂಗಳು ತಿಂಗಳು ಬಾಕಿ ಬೆಳೆಯುತ್ತದೆ. NPER ಆಗ ಉತ್ತರದ ಬದಲು #NUM! ಅಂತ ತೋರಿಸುತ್ತದೆ, ಅಂದರೆ ಈ ಇಎಂಐನಲ್ಲಿ ಸಾಲ ಯಾವತ್ತಿಗೂ ತೀರುವುದಿಲ್ಲ.

ಹೀಗೆ ಕಂತು ಕಟ್ಟುತ್ತಿದ್ದರೂ ಬಾಕಿ ಬೆಳೆಯುವ ಹಾಗೆ ಅವಧಿ ಹಿಗ್ಗಿಸಬಾರದು ಅಂತ ನಾನು ಮೇಲೆ ಹೇಳಿದ 2023ರ ಸುತ್ತೋಲೆ ಸ್ಪಷ್ಟವಾಗಿ ತಡೆಯುತ್ತದೆ. ದರ ಏರಿದಾಗ ಇಎಂಐ ಹೆಚ್ಚಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಅನ್ನುವ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು, ಭಾಗಶಃ ಇಲ್ಲವೇ ಪೂರ್ತಿ ಮುಂಗಡ ಕಟ್ಟುವುದಕ್ಕೂ ಯಾವಾಗ ಬೇಕಾದರೂ ಬಿಡಬೇಕು ಅಂತಲೂ ಅದರಲ್ಲಿದೆ.

ಈ ಸಾಲಗಾರರ ಮುಂದೆ ಆ ಆಯ್ಕೆಗಳು ಹೀಗಿರುತ್ತವೆ. ಅವಧಿ 224ರಲ್ಲೇ ಇರಲಿ ಅಂದರೆ ಇಎಂಐ 27,230ಕ್ಕೆ ಏರುತ್ತದೆ, ತಿಂಗಳಿಗೆ 4,419 ಜಾಸ್ತಿ. ಅಷ್ಟು ಆಗುವುದಿಲ್ಲ, 25,000 ಕಟ್ಟುತ್ತೇನೆ ಅಂದರೆ 293 ಕಂತು, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ವರ್ಷ. ಇಎಂಐಯೂ ಏರಬಾರದು, ಅವಧಿಯೂ ಹಿಗ್ಗಬಾರದು ಅಂದರೆ ಒಂದೇ ಸಲಕ್ಕೆ 4 ಲಕ್ಷ 70 ಸಾವಿರದಷ್ಟು ಅಸಲಿಗೆ ಕಟ್ಟಬೇಕು. ವ್ಯಕ್ತಿಗಳು ತೆಗೆದ ಫ್ಲೋಟಿಂಗ್ ಗೃಹಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಇಲ್ಲ. ಆದರೆ ಅಷ್ಟು ದುಡ್ಡು ಯಾರ ಮನೆಯಲ್ಲಿ ಸುಮ್ನೆ ಬಿದ್ದಿರುತ್ತದೆ ಹೇಳಿ?

ಅವಧಿ ಎಷ್ಟು ಬೇಕಾದರೂ ಹಿಗ್ಗುತ್ತದೆ ಅಂತಲೂ ಅಲ್ಲ. ಬ್ಯಾಂಕುಗಳು ಸಾಲ ಇಷ್ಟು ವಯಸ್ಸಿನೊಳಗೆ ತೀರಬೇಕು ಅಂತ ಮಿತಿ ಇಟ್ಟಿರುತ್ತವೆ. ಆ ಗೋಡೆ ಮುಟ್ಟಿದ ಮೇಲೆ ನೀವು ಕೇಳಲಿ ಬಿಡಲಿ ಇಎಂಐಯೇ ಏರುತ್ತದೆ. ಐವತ್ತು ದಾಟಿದವರಿಗೆ 2022ರಲ್ಲಿ ಇಎಂಐ ಏರಿ, ಮೂವತ್ತರ ಹುಡುಗರಿಗೆ ಅವಧಿ ಹಿಗ್ಗಿದ್ದಕ್ಕೆ ಇದೂ ಒಂದು ಕಾರಣ.

ಇಲ್ಲೊಂದು ಕೊಂಡಿ ಇದೆ. 2022–23ರಲ್ಲಿ ಇಎಂಐ ಏರದೆ ಅವಧಿ ಹಿಗ್ಗಿದ್ದವರಿಗೆ 2025ರ ಇಳಿಕೆ ಮೊದಲು ಆ ಹಿಗ್ಗಿದ ತಿಂಗಳುಗಳನ್ನೇ ಮುಗಿಸುತ್ತದೆ. "ಇಳಿದಿದೆ ಅಂತೀರಿ, ನನ್ನ ಸಾಲ ಇನ್ನೂ ಮೊದಲು ಹೇಳಿದ ವರ್ಷಕ್ಕಿಂತ ಆಚೆಗೇ ಇದೆಯಲ್ಲ" ಅನ್ನುವವರು ಸಾಮಾನ್ಯವಾಗಿ ಈ ಗುಂಪಿನವರು. ಅವರ ಇಳಿಕೆ ಹಳೇ ಗಾಯ ಮುಚ್ಚುವುದಕ್ಕೆ ಖರ್ಚಾಯಿತು.

## ಲೆಕ್ಕ ಕೂಡದಿದ್ದರೆ ಎಲ್ಲಿ ನೋಡಬೇಕು

ಬಡ್ಡಿ ಸಾಲು ಇನ್ನೂ ಹಳೇ ದರದಲ್ಲೇ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ನಿಮ್ಮ ಸಾಲ ಯಾವ ಅಳತೆಗೋಲಿಗೆ ಕಟ್ಟಿದೆ ಅನ್ನುವುದು. ಸ್ಟೇಟ್‌ಮೆಂಟ್‌ನಲ್ಲೋ ಸಾಲದ ಪತ್ರದಲ್ಲೋ EBLR, RLLR ಅಂತ ಇದ್ದರೆ ಅದು ಹೊರಗಿನ ಅಳತೆಗೋಲು. MCLR ಅಂತ ಇದ್ದರೆ ಅದು ಬ್ಯಾಂಕಿನ ಸ್ವಂತ ಖರ್ಚಿನ ಮೇಲೆ ನಿಂತ ಹಳೇ ಪದ್ಧತಿ. ರೆಪೊ ಇಳಿದರೂ ಅದು ನಿಧಾನಕ್ಕೆ ಇಳಿಯುತ್ತದೆ, ರೀಸೆಟ್ ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಸಾಲ ಕೊಟ್ಟದ್ದು ಬ್ಯಾಂಕ್ ಅಲ್ಲದೆ ಹೌಸಿಂಗ್ ಫೈನಾನ್ಸ್ ಕಂಪನಿ ಆಗಿದ್ದರೆ, 2019ರ ನಿಯಮ ಅವರಿಗೆ ಅನ್ವಯಿಸುವುದಿಲ್ಲ, ಅವರದೇ ಮೂಲ ದರ ಇರುತ್ತದೆ. MCLRನಲ್ಲಿ ಉಳಿದುಕೊಂಡ ಹಳೇ ಸಾಲಗಳನ್ನು ಅದೇ ಬ್ಯಾಂಕಿನಲ್ಲಿ ರೆಪೊ ಪದ್ಧತಿಗೆ ಬದಲಿಸಿಕೊಳ್ಳಬಹುದು, ಸ್ವಲ್ಪ ಶುಲ್ಕ ಇರಬಹುದು.

ಅಳತೆಗೋಲು ರೆಪೊ ಆಗಿದ್ದರೂ ಪಕ್ಕದ ಮನೆಯ ಹೊಸ ಸಾಲಕ್ಕೂ ನಿಮ್ಮದಕ್ಕೂ ದರ ಬೇರೆ ಇದ್ದರೆ ವ್ಯತ್ಯಾಸ ಇರುವುದು ಸ್ಪ್ರೆಡ್‌ನಲ್ಲಿ. ರೆಪೊ ಎಲ್ಲರಿಗೂ ಒಂದೇ. ಹೊಸಬರನ್ನು ಸೆಳೆಯಲು ಬ್ಯಾಂಕ್ ಸ್ಪ್ರೆಡ್ ಇಳಿಸುತ್ತದೆ, ಹಳಬರ ಸ್ಪ್ರೆಡ್ ತಾನಾಗಿ ಇಳಿಯುವುದಿಲ್ಲ. ನಿಮ್ಮ ಈಗಿನ ದರದಿಂದ ಈಗಿನ ರೆಪೊ ಕಳೆದರೆ ನಿಮ್ಮ ಸ್ಪ್ರೆಡ್ ಸಿಗುತ್ತದೆ. ಹೊಸಬರದ್ದನ್ನು ಬ್ಯಾಂಕಿನ ವೆಬ್‌ಸೈಟಿನ ದರದಿಂದ ಹಾಗೇ ಕಳೆದು ನೋಡಿ. ಅಂತರ ದೊಡ್ಡದಿದ್ದರೆ ಬ್ರಾಂಚಿಗೆ ಹೋಗಿ ಕೇಳುವುದರಲ್ಲಿ ತಪ್ಪಿಲ್ಲ.

ದರ ಇಳಿದಿದೆ, ಬಡ್ಡಿ ಸಾಲೂ ಸರಿ, ಆದರೆ ಉಳಿದ ಕಂತು ಮಾತ್ರ ಹಳೆಯದೇ ಅಂತ ಕಂಡರೆ NPER ಉತ್ತರದ ಜೊತೆ ಬ್ರಾಂಚಿಗೆ ಬರೆಯಿರಿ. ತುಂಬಾ ಸಲ ಅದು ಸ್ಟೇಟ್‌ಮೆಂಟ್ ಹಿಂದುಳಿದಿರುವುದಷ್ಟೇ, ಅಸಲಂತೂ ಬೇಗ ಇಳಿಯುತ್ತಲೇ ಇರುತ್ತದೆ. ಆದರೂ ಬರಹದಲ್ಲಿ ಇರಲಿ. ಪತ್ರದಲ್ಲಿ ಕಥೆ ಬೇಡ. ಸಾಲದ ಖಾತೆ ಸಂಖ್ಯೆ, ರೀಸೆಟ್ ದಿನಾಂಕ, ಹಳೇ ದರ, ಹೊಸ ದರ, ಆ ದಿನದ ಬಾಕಿ, ಇಎಂಐ, ನಿಮ್ಮ ಲೆಕ್ಕದ ಪ್ರಕಾರ ಉಳಿದ ಕಂತು. ಕೊನೆಗೆ ಅವಧಿ ಇಳಿಯಬೇಕೋ ಇಎಂಐ ಇಳಿಯಬೇಕೋ ಅಂತ ಒಂದು ಸಾಲು.

ಮೇಷ್ಟ್ರಿಗೆ ಪತ್ರದ ಅಗತ್ಯ ಬೀಳಲಿಲ್ಲ. ಆದರೆ ಹೋಗುವ ಮುಂಚೆ ಪ್ರಿಂಟಿನ ಹಿಂದೆ ಮುಂದಿನ ತಿಂಗಳಿಗೆ ಒಂದು ಲೆಕ್ಕ ಬರೆಸಿಕೊಂಡರು. 25 ಲಕ್ಷಕ್ಕೆ ಜೂನ್ ಬಡ್ಡಿ 17,431.51 ಸೇರಿಸಿ, ಜುಲೈ 1ರ ಕಂತು 24,986 ಕಳೆದರೆ ಬಾಕಿ 24,92,445.51. ಅದಕ್ಕೆ 8.25ರಲ್ಲಿ ಜುಲೈನ 31 ದಿನಕ್ಕೆ ಬಡ್ಡಿ 17,464 ಬರಬೇಕು. ಅದರ ಬದಲು 18,523 ಅಂತ ಬಂದರೆ ದರ ಮತ್ತೆ 8.75ಕ್ಕೆ ಹೋಗಿದೆ ಅಂತ ಅರ್ಥ. ಆಗಸ್ಟ್ ಮೊದಲ ವಾರ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದರು, "ಹದಿನೇಳು ಸಾವಿರದ ನಾನೂರ ಅರವತ್ನಾಲ್ಕೇ ಬಂದಿದೆ ಕಣ್ರೀ."